ಉತ್ತರ ಒಂದು ಕಮ್ಮಿ ಬಂತಾ, ಮೂರು ಜಾಸ್ತಿ ಬಂತಾ? ಒನ್ಸ್ ಕಾಂಪ್ಲಿಮೆಂಟ್, ಎಕ್ಸೆಸ್-ತ್ರೀ ಲೆಕ್ಕದಲ್ಲಿ ತಪ್ಪು ಹುಡುಕುವ ಬಗೆ

ನಂಬರ್ ಸಿಸ್ಟಮ್ ಪರೀಕ್ಷೆಯಲ್ಲಿ ಈ ಎರಡು ಲೆಕ್ಕ ತಪ್ಪಾದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮೊದಲಿನಿಂದ ಇನ್ನೊಮ್ಮೆ ಕೂಡುತ್ತಾರೆ. ಅದೇ ದಾರಿಯಲ್ಲಿ ಹೋದರೆ ಅದೇ ತಪ್ಪು ಮತ್ತೆ ಬರುತ್ತದೆ, ಸಮಯ ಮಾತ್ರ ಹೋಗುತ್ತದೆ. ಅದಕ್ಕಿಂತ ಸುಲಭದ ದಾರಿ ಇದೆ. ಹಾಳೆಯ ಅಂಚಿನಲ್ಲಿ ಅದೇ ಲೆಕ್ಕವನ್ನು ನಮ್ಮ ಮಾಮೂಲಿ ದಶಮಾನದಲ್ಲಿ ಮಾಡಿ. ನಿಮ್ಮ ಬೈನರಿ ಉತ್ತರವನ್ನೂ ದಶಮಾನಕ್ಕೆ ತನ್ನಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ನೋಡಿ. ಒಂದು ಕಮ್ಮಿ ಇದ್ದರೆ ಒಂದು ಕಾರಣ, ಮೂರು ಇದ್ದರೆ ಇನ್ನೊಂದು, ಹತ್ತು ಇದ್ದರೆ ಮತ್ತೊಂದು. ತಪ್ಪು ಎಲ್ಲಿದೆ ಅಂತ ಆ ವ್ಯತ್ಯಾಸವೇ ಹೇಳಿಬಿಡುತ್ತದೆ.

ಉತ್ತರ ಸರಿಯಾಗಿ ಒಂದು ಕಮ್ಮಿ

ಐದು ಬಿಟ್‌ನಲ್ಲಿ 13 − 6 ಮಾಡೋಣ. 13 ಅಂದರೆ 01101. 6 ಅಂದರೆ 00110. ಕಳೆಯುವ ಸಂಖ್ಯೆಯ ಎಲ್ಲ ಬಿಟ್‌ಗಳನ್ನೂ ತಿರುಗಿಸಿದರೆ 11001. ಈಗ ಕೂಡಬೇಕು.

```
    01101     13
  + 11001     -6
  -------
  1 00110     ಕ್ಯಾರಿ ಹೊರಬಂತು
  +     1     ಕ್ಯಾರಿಯನ್ನು ಬಲತುದಿಗೆ ಕೂಡು
  -------
    00111     7
```

ಎಡಗಡೆಯಿಂದ ಹೊರಬಿದ್ದ ಕ್ಯಾರಿಯನ್ನು ಬಿಟ್ಟುಬಿಟ್ಟರೆ ಉಳಿಯುವುದು 00110, ಅಂದರೆ 6. ಸರಿ ಉತ್ತರ 7. ವ್ಯತ್ಯಾಸ ಒಂದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆದಾಗ ಉತ್ತರ ಒಂದೇ ಒಂದು ಕಮ್ಮಿ ಬಂತು ಅಂದರೆ ಬೇರೇನೂ ಹುಡುಕಬೇಡಿ. ಎಂಡ್-ಅರೌಂಡ್ ಕ್ಯಾರಿ ಮರೆತಿದ್ದೀರಿ.

ಆ ಒಂದು ಯಾಕೆ ಕೂಡಬೇಕು ಅಂತ ಒಮ್ಮೆ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಐದು ಬಿಟ್ ತಿರುಗಿಸುವುದು ಅಂದರೆ ಆ ಸಂಖ್ಯೆಯನ್ನು 11111ರಿಂದ, ಅಂದರೆ 31ರಿಂದ ಕಳೆದ ಹಾಗೆ. ಹಾಗಾಗಿ ನಾವು ನಿಜವಾಗಿ ಕೂಡಿದ್ದು 13 + (31 − 6), ಒಟ್ಟು 38. ನಮಗೆ ಬೇಕಾದದ್ದಕ್ಕಿಂತ 31 ಜಾಸ್ತಿ ಒಳಗೆ ಬಂತು. ಆದರೆ ಐದು ಬಿಟ್‌ನ ಆಚೆ ಬಿದ್ದ ಕ್ಯಾರಿಯ ಬೆಲೆ 32. ಒಳಗೆ ಬಂದದ್ದು 31, ಹೊರಗೆ ಹೋದದ್ದು 32. ಒಂದು ಕೈತಪ್ಪಿತು ಅಲ್ವಾ? ಅದನ್ನೇ ಬಲತುದಿಯಲ್ಲಿ ವಾಪಸ್ ಕೊಡುತ್ತಿದ್ದೇವೆ. ನಾಲ್ಕು ಬಿಟ್ ಆದರೆ 15 ಮತ್ತು 16, ಎಂಟು ಬಿಟ್ ಆದರೆ 255 ಮತ್ತು 256. ಯಾವಾಗಲೂ ಒಂದೇ ವ್ಯತ್ಯಾಸ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಸಿಗುತ್ತದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಕ್ಯಾರಿ ಬಂದೇ ಬರಬೇಕು. ಬರಲಿಲ್ಲ ಅಂದರೆ ಕೂಡುವುದಕ್ಕೂ ಮೊದಲೇ ಏನೋ ಕೆಟ್ಟಿದೆ. ಹೆಚ್ಚಾಗಿ ಕೆಡುವುದು ಬಿಟ್‌ಗಳ ಸಂಖ್ಯೆ. ಪ್ರಶ್ನೆಯಲ್ಲಿ 1101 − 110 ಅಂತ ಕೊಟ್ಟಿರುತ್ತಾರೆ. 110 ಅನ್ನು ಹಾಗೇ ತಿರುಗಿಸಿದರೆ 001. ಅದನ್ನು ಕೂಡಿದರೆ 14 ಬರುತ್ತದೆ, ಕ್ಯಾರಿ ಬರುವುದಿಲ್ಲ. ಮೊದಲು ಎಡಗಡೆ ಸೊನ್ನೆ ಹಾಕಿ 00110 ಮಾಡಿ, ಆಮೇಲೆ ತಿರುಗಿಸಬೇಕು. ಆ ಸೊನ್ನೆಗಳೂ ತಿರುಗಿ ಒಂದಾಗುತ್ತವೆ, ಲೆಕ್ಕ ನಡೆಯುವುದೇ ಅವುಗಳಿಂದ.

ಉತ್ತರ ಒಂದು ಜಾಸ್ತಿ

ಈ ಸಲ ಉತ್ತರ 8 ಬಂದಿದೆ ಅಂದುಕೊಳ್ಳಿ. ಇದು ಎರಡು ವಿಧಾನ ಬೆರೆತಾಗ ಆಗುವ ತಪ್ಪು. 6ಕ್ಕೆ ಟೂಸ್ ಕಾಂಪ್ಲಿಮೆಂಟ್ ತೆಗೆದಿರುತ್ತೀರಿ, ಅಂದರೆ 11010. 01101ಕ್ಕೆ ಕೂಡಿದರೆ 1 00111. ಅಲ್ಲಿಗೆ 7 ಬಂದಾಗಿದೆ, ಕ್ಯಾರಿ ಬಿಡಬೇಕಿತ್ತು. ಆದರೆ ಒನ್ಸ್ ಕಾಂಪ್ಲಿಮೆಂಟ್ ಅಭ್ಯಾಸದಲ್ಲಿ ಕ್ಯಾರಿಯನ್ನೂ ಕೂಡಿ 01000 ಮಾಡುತ್ತೀರಿ. ಆ ಒಂದನ್ನು ಟೂಸ್ ಕಾಂಪ್ಲಿಮೆಂಟ್ ಶುರುವಿನಲ್ಲೇ ಕೊಡುತ್ತದೆ, ಒನ್ಸ್ ಕಾಂಪ್ಲಿಮೆಂಟ್ ಕೊನೆಯಲ್ಲಿ ಕೊಡುತ್ತದೆ. ಎರಡು ಸಲ ಕೊಡುವ ಹಾಗಿಲ್ಲ.

ಉತ್ತರ ಮೈನಸ್ ಬರುವ ಲೆಕ್ಕದಲ್ಲಿ ಇದೇ ಬೆರಕೆ ಬೇರೆ ವೇಷದಲ್ಲಿ ಬರುತ್ತದೆ. 6 − 13 ನೋಡಿ.

```
    00110      6
  + 10010    -13
  -------
    11000     ಕ್ಯಾರಿ ಇಲ್ಲ
```

ಕ್ಯಾರಿ ಇಲ್ಲ ಅಂದರೆ ಕೂಡಲು ಏನೂ ಇಲ್ಲ. ಉತ್ತರ 11000, ಅಷ್ಟೇ. ಎಡಗಡೆಯ ಮೊದಲ ಬಿಟ್ 1 ಇರುವುದರಿಂದ ಇದು ಮೈನಸ್ ಸಂಖ್ಯೆ. ಬೆಲೆ ತಿಳಿಯಲು ತಿರುಗಿಸಿ: 00111, ಹಾಗಾಗಿ −7. ಇಲ್ಲಿ −8 ಬರೆದಿದ್ದರೆ ಕೂಡುವಾಗ ತಪ್ಪಾಗಿಲ್ಲ, ಓದುವಾಗ ತಪ್ಪಾಗಿದೆ. ತಿರುಗಿಸಿದ ಮೇಲೆ ಟೂಸ್ ಕಾಂಪ್ಲಿಮೆಂಟ್ ಥರ ಒಂದು ಕೂಡಿದ್ದೀರಿ. −6 ಬರೆದಿದ್ದರೆ ಬಾರದ ಕ್ಯಾರಿಯನ್ನು ಸುಮ್ನೆ ಅಭ್ಯಾಸಬಲದಿಂದ ಕೂಡಿದ್ದೀರಿ. ಇನ್ನು 24 ಅಂತ ಬರೆದಿದ್ದರೆ ತಿರುಗಿಸುವುದನ್ನೇ ಮರೆತಿದ್ದೀರಿ.

9 − 9 ಮಾಡಿದಾಗ 11111 ಬರುತ್ತದೆ. ಇದನ್ನು ನೋಡಿ ಗಾಬರಿಯಾಗಿ ಎಲ್ಲ ಹೊಡೆದುಹಾಕಬೇಡಿ. ಒನ್ಸ್ ಕಾಂಪ್ಲಿಮೆಂಟ್‌ನಲ್ಲಿ ಸೊನ್ನೆಗೆ ಎರಡು ರೂಪ. 00000 ಪ್ಲಸ್ ಸೊನ್ನೆ, 11111 ಮೈನಸ್ ಸೊನ್ನೆ. ಉತ್ತರ ಸರಿ ಇದೆ. ಪಕ್ಕದಲ್ಲಿ "ಮೈನಸ್ ಸೊನ್ನೆ, ಬೆಲೆ 0" ಅಂತ ಬರೆದುಬಿಡಿ.

ಓವರ್‌ಫ್ಲೋ ಇದೆಯೋ ಇಲ್ಲವೋ

ಎರಡು ಮೈನಸ್ ಸಂಖ್ಯೆ ಕೂಡುವ ಲೆಕ್ಕದಲ್ಲಿ ಚೆನ್ನಾಗಿ ಓದಿದವರೂ ಎಡವುತ್ತಾರೆ. ನಾಲ್ಕು ಬಿಟ್‌ನಲ್ಲಿ −3 ಮತ್ತು −4 ಕೂಡಬೇಕು. ನಾಲ್ಕು ಬಿಟ್‌ನಲ್ಲಿ −7ರಿಂದ +7ರವರೆಗೆ ಜಾಗ ಇದೆ, ಹಾಗಾಗಿ −7 ಹಿಡಿಸಲೇಬೇಕು.

```
    1100     -3
  + 1011     -4
  ------
  1 0111     ಇಲ್ಲಿ ನಿಲ್ಲಬೇಡಿ
  +    1
  ------
    1000     -7
```

ಮಧ್ಯದ ಸಾಲು ನೋಡಿ. ಎರಡು ಮೈನಸ್ ಕೂಡಿದಾಗ ಚಿಹ್ನೆಯ ಬಿಟ್ 0 ಆಗಿದೆ. ಅಲ್ಲೇ ಪರೀಕ್ಷಿಸಿದರೆ ಓವರ್‌ಫ್ಲೋ ಅನಿಸುತ್ತದೆ. ಅದು ನಿಜ ಅಲ್ಲ. ಕ್ಯಾರಿ ಕೂಡಿದ ಮೇಲೆ 1000 ಆಯಿತು, ಚಿಹ್ನೆ ಸರಿಹೋಯಿತು. ಓವರ್‌ಫ್ಲೋ ನೋಡಬೇಕಾದದ್ದು ಕ್ಯಾರಿ ಸುತ್ತಿ ಬಂದು ಸೇರಿದ ಮೇಲೆ. ನಿಜವಾದ ಓವರ್‌ಫ್ಲೋ ಬೇಕಿದ್ದರೆ −4 ಮತ್ತು −5 ಕೂಡಿ ನೋಡಿ. 1011 + 1010 ಸೇರಿ 1 0101. ಕ್ಯಾರಿ ಕೂಡಿದರೆ 0110. ಎರಡು ಮೈನಸ್ ಸೇರಿ +6 ಆಗಲು ಸಾಧ್ಯವಿಲ್ಲ, −9ಕ್ಕೆ ಇಲ್ಲಿ ಜಾಗವೂ ಇಲ್ಲ.

ಕ್ಯಾರಿ ಕೂಡಿದ ಮೇಲೆ ಇನ್ನೊಂದು ಕ್ಯಾರಿ ಬಂದರೆ ಏನು ಮಾಡಬೇಕು ಅಂತ ಕೇಳುವವರಿದ್ದಾರೆ. ಎರಡೇ ಸಂಖ್ಯೆ ಕೂಡುತ್ತಿದ್ದರೆ ಅದು ಬರುವುದೇ ಇಲ್ಲ. ನಾಲ್ಕು ಬಿಟ್‌ನಲ್ಲಿ ಅತಿ ದೊಡ್ಡ ಮೊತ್ತ 1111 + 1111, ಅಂದರೆ 1 1110. ಅದಕ್ಕೆ ಒಂದು ಸೇರಿದರೆ 1111, ಅಲ್ಲಿಗೆ ಮುಗಿಯಿತು. ಎರಡನೇ ಕ್ಯಾರಿ ಕಂಡಿತು ಅಂದರೆ ಮೊದಲ ಕೂಡಿಕೆಯಲ್ಲೇ ಎಲ್ಲೋ ತಪ್ಪಿದೆ. ಮೂರು ನಾಲ್ಕು ಸಂಖ್ಯೆ ಒಟ್ಟಿಗೆ ಕೂಡಿದರೆ ಮಾತ್ರ ಕ್ಯಾರಿಯಾಗಿ 2 ಅಥವಾ 3 ಬರಬಹುದು. ಇಂಟರ್ನೆಟ್‌ನ ಐಪಿ ಹೆಡರ್ ಚೆಕ್‌ಸಮ್ ಇವತ್ತಿಗೂ ಒನ್ಸ್ ಕಾಂಪ್ಲಿಮೆಂಟ್ ಕೂಡಿಕೆಯಲ್ಲೇ ನಡೆಯುತ್ತದೆ. ಅಲ್ಲಿ 16 ಬಿಟ್‌ನ ಪದಗಳನ್ನೆಲ್ಲ ಮೊದಲು ಕೂಡಿಕೊಂಡು, ಮೇಲೆ ಸೇರಿದ ಕ್ಯಾರಿಗಳನ್ನು ಕೊನೆಗೆ ಮಡಚಿ ಕೆಳಗೆ ಸೇರಿಸುವುದುಂಟು. ಪರೀಕ್ಷೆಯಲ್ಲಿ ಅಷ್ಟು ದೂರ ಹೋಗಬೇಕಿಲ್ಲ, ಎರಡೆರಡೇ ಕೂಡುತ್ತಾ ಹೋಗಿ.

ಎಕ್ಸೆಸ್-ತ್ರೀ: ಮೂರರ ವ್ಯತ್ಯಾಸ

ಎಕ್ಸೆಸ್-ತ್ರೀನಲ್ಲಿ ಪ್ರತಿ ಅಂಕಿಗೂ ಮೂರು ಸೇರಿಸಿ ನಾಲ್ಕು ಬಿಟ್‌ನಲ್ಲಿ ಬರೆಯುತ್ತೇವೆ. 0 ಅಂದರೆ 0011, 9 ಅಂದರೆ 1100. ಹಾಗಾಗಿ ಆರು ಗುಂಪುಗಳಿಗೆ ಇಲ್ಲಿ ಅರ್ಥವೇ ಇಲ್ಲ: 0000, 0001, 0010 ಮತ್ತು 1101, 1110, 1111. ಇವನ್ನು ರಫ್ ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಕೊನೆಯ ಉತ್ತರದಲ್ಲಿ ಇವುಗಳಲ್ಲಿ ಒಂದು ಕಂಡರೂ ಉತ್ತರ ತಪ್ಪು. ಅದಕ್ಕೆ ದಶಮಾನದ ಲೆಕ್ಕವೂ ಬೇಡ.

47 + 38 ತೆಗೆದುಕೊಳ್ಳೋಣ. ಉತ್ತರ 85 ಬರಬೇಕು.

```
    0111  1010     47
  + 0110  1011     38
  ------------
    1110  0101     ಬಿಡಿ ಸ್ಥಾನದಿಂದ ಕ್ಯಾರಿ ಬಂದು ಹತ್ತಕ್ಕೆ ಸೇರಿದೆ
  - 0011 +0011     ತಿದ್ದುಪಡಿ
  ------------
    1011  1000     85
```

ಬಿಡಿ ಸ್ಥಾನದಲ್ಲಿ 10 + 11 ಸೇರಿ 21. ಅದರಲ್ಲಿ 16 ಕ್ಯಾರಿಯಾಗಿ ಎಡಕ್ಕೆ ಹೋಯಿತು, 0101 ಉಳಿಯಿತು. ಹತ್ತರ ಸ್ಥಾನದಲ್ಲಿ 7 + 6 + 1 ಸೇರಿ 14, ಕ್ಯಾರಿ ಇಲ್ಲ. ಕ್ಯಾರಿ ಕೊಟ್ಟ ಗುಂಪಿಗೆ ಮೂರು ಕೂಡಬೇಕು, ಕೊಡದ ಗುಂಪಿನಲ್ಲಿ ಮೂರು ಕಳೆಯಬೇಕು.

ಈ ನಿಯಮವನ್ನು ಉಲ್ಟಾ ನೆನಪಿಟ್ಟುಕೊಳ್ಳುವವರೇ ಜಾಸ್ತಿ. ಬಾಯಿಪಾಠ ಬಿಟ್ಟು ಕಾರಣ ಹಿಡಿಯಿರಿ. ಎರಡು ಅಂಕಿಗೂ ಮೂರು ಮೂರು ಸೇರಿಸಿದ್ದೆವು, ಹಾಗಾಗಿ ಮೊತ್ತದಲ್ಲಿ ಆರು ಜಾಸ್ತಿ ಇದೆ. ಇರಬೇಕಾದದ್ದು ಮೂರು ಮಾತ್ರ. ಕ್ಯಾರಿ ಇಲ್ಲದಿದ್ದರೆ ಆ ಆರು ಅಲ್ಲೇ ಇರುತ್ತದೆ, ಮೂರು ಕಳೆದರೆ ಸರಿಹೋಗುತ್ತದೆ. ಕ್ಯಾರಿ ಹೋದರೆ ಕಥೆ ಬೇರೆ. ದಶಮಾನದ ಲೆಕ್ಕದಲ್ಲಿ ಹತ್ತು ಹೋಗಬೇಕಿತ್ತು, ಹೋದದ್ದು ಹದಿನಾರು. ಅಂದರೆ ಆ ಜಾಸ್ತಿ ಆರೂ ಕ್ಯಾರಿಯ ಜೊತೆಗೇ ಹೋಯಿತು. ಉಳಿದದ್ದು ಬರಿಯ ಅಂಕಿ. ಅದಕ್ಕೆ ಮತ್ತೆ ಮೂರು ಸೇರಿಸಿದರೆ ಎಕ್ಸೆಸ್-ತ್ರೀ ರೂಪಕ್ಕೆ ಬರುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ, ಬಿಡಿ ಸ್ಥಾನದಲ್ಲಿ ಉಳಿದ 0101 ನೇರವಾಗಿ 5.

ಈಗ ವ್ಯತ್ಯಾಸ ಓದುವುದು ಸುಲಭ. ತಿದ್ದುಪಡಿ ಮರೆತರೆ ಕ್ಯಾರಿ ಬಂದ ಸ್ಥಾನದ ಅಂಕಿ ಮೂರು ಕಮ್ಮಿ ಕಾಣುತ್ತದೆ, ಬಾರದ ಸ್ಥಾನದ್ದು ಮೂರು ಜಾಸ್ತಿ ಕಾಣುತ್ತದೆ, ಇಲ್ಲವೇ ಅರ್ಥವಿಲ್ಲದ ಗುಂಪು ಬರುತ್ತದೆ. 1 + 2 ಮಾಡಿದಾಗ 0100 + 0101 ಸೇರಿ 1001. ಹಾಗೇ ಬಿಟ್ಟರೆ ಅದು 6 ಅಂತ ಓದಿಸಿಕೊಳ್ಳುತ್ತದೆ. ನಿಯಮ ಉಲ್ಟಾ ಮಾಡಿ ಮೂರು ಕೂಡಿದರೆ 1100, ಅಂದರೆ 9. ಸರಿ ಉತ್ತರ 3. ವ್ಯತ್ಯಾಸ ಮೂರಾದರೆ ಮರೆವು, ಆರಾದರೆ ಉಲ್ಟಾ.

ಬಿಸಿಡಿ ಅಭ್ಯಾಸ ನುಸುಳಿದಾಗ

ಬಿಸಿಡಿ ಕೂಡಿಕೆಯಲ್ಲಿ ಮೊತ್ತ 9 ದಾಟಿತಾ ಅಂತ ನೋಡಿ ಆರು ಸೇರಿಸುತ್ತೇವೆ. ಎರಡೂ ಒಂದೇ ಅಧ್ಯಾಯದಲ್ಲಿ ಬರುವುದರಿಂದ ಆ ನಿಯಮ ಇಲ್ಲಿಗೂ ನುಸುಳುತ್ತದೆ. ಮೇಲಿನ ಲೆಕ್ಕದ 1110 ನೋಡಿದ ತಕ್ಷಣ "9 ದಾಟಿದೆ" ಅಂತ ಆರು ಕೂಡಿದರೆ 1 0100 ಆಗುತ್ತದೆ. ಬಿಡಿ ಸ್ಥಾನದಲ್ಲಿ ಕ್ಯಾರಿ ಬಂದಿದೆ ಅಂತ ಅಲ್ಲೂ ಆರು ಕೂಡಿದರೆ 1011, ಅದು 8. ಒಟ್ಟಿನಲ್ಲಿ 85ರ ಬದಲು 118 ಥರದ ಉತ್ತರ.

ಎಕ್ಸೆಸ್-ತ್ರೀನಲ್ಲಿ 9 ದಾಟಿತಾ ಅನ್ನುವ ಪ್ರಶ್ನೆಯೇ ಇಲ್ಲ. ಕ್ಯಾರಿ ಬಂತಾ ಇಲ್ವಾ, ಅಷ್ಟೇ ನೋಡಬೇಕು. ಎರಡು ಅಂಕಿಗಳ ಮೊತ್ತ ಹತ್ತು ಮುಟ್ಟಿದರೆ ಆರು ಸೇರಿ ಸರಿಯಾಗಿ ಹದಿನಾರು ಮುಟ್ಟುತ್ತದೆ, ಕ್ಯಾರಿ ತಾನಾಗಿಯೇ ಹುಟ್ಟುತ್ತದೆ. 1951ರ ಯುನಿವ್ಯಾಕ್ 1 ಗಣಕ ದಶಮಾನದ ಅಂಕಿಗಳಿಗೆ ಎಕ್ಸೆಸ್-ತ್ರೀಯನ್ನೇ ಬಳಸುತ್ತಿತ್ತು. ಮಾಮೂಲಿ ಬೈನರಿ ಕೂಡಿಕೆಯಿಂದಲೇ ದಶಮಾನದ ಕ್ಯಾರಿ ಸಿಗುವುದು ಈ ಸಂಕೇತದ ದೊಡ್ಡ ಅನುಕೂಲ.

ಉತ್ತರ ಹತ್ತು ಜಾಸ್ತಿ

ಇದು ಸೂಕ್ಷ್ಮದ ತಪ್ಪು. ಮೂರು ಕಳೆಯುವ ಬದಲು ಅನೇಕರು 1101 ಕೂಡುತ್ತಾರೆ. 13 ಕೂಡಿ 16 ಬಿಟ್ಟರೆ ಮೂರು ಕಳೆದ ಹಾಗೆಯೇ, ಅದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಕೂಡಿದಾಗ ಪ್ರತಿ ಸಲವೂ ಒಂದು ಕ್ಯಾರಿ ಹೊರಬರುತ್ತದೆ. ಅದನ್ನು ಎಸೆಯಬೇಕು. ಪಕ್ಕದ ಗುಂಪಿಗೆ ಸೇರಿಸಬಾರದು.

23 + 45 ಮಾಡಿ. ಬಿಡಿ ಸ್ಥಾನದಲ್ಲಿ 0110 + 1000 ಸೇರಿ 1110. ಹತ್ತರ ಸ್ಥಾನದಲ್ಲಿ 0101 + 0111 ಸೇರಿ 1100. ಎರಡರಲ್ಲೂ ಕ್ಯಾರಿ ಇಲ್ಲ, ಎರಡರಲ್ಲೂ ಮೂರು ಕಳೆದರೆ 1001 1011, ಅಂದರೆ 68. ಬಿಡಿ ಸ್ಥಾನಕ್ಕೆ 1101 ಕೂಡಿದಾಗ 1 1011 ಬರುತ್ತದೆ. ಆ ಮುಂದಿನ 1 ಹತ್ತರ ಸ್ಥಾನಕ್ಕೆ ಸೋರಿದರೆ ಉತ್ತರ 78. ಹಾಗಾಗಿ ಉತ್ತರ ಹತ್ತು ಜಾಸ್ತಿ ಬಂದರೆ ತಿದ್ದುಪಡಿಯ ಸಾಲನ್ನೇ ಮೊದಲು ನೋಡಿ. ಎಡಕ್ಕೆ ಹೋಗುವ ಹಕ್ಕಿರುವುದು ಮೊದಲ ಕೂಡಿಕೆಯ ಕ್ಯಾರಿಗೆ ಮಾತ್ರ. ತಿದ್ದುಪಡಿ ಮಾಡುವಾಗ ಗುಂಪುಗಳ ನಡುವೆ ಒಂದು ಉದ್ದ ಗೆರೆ ಎಳೆದುಕೊಂಡರೆ ಈ ಸೋರಿಕೆ ನಿಲ್ಲುತ್ತದೆ. ಉತ್ತರ ಹತ್ತು ಕಮ್ಮಿ ಬಂದರೆ ಇದರ ಉಲ್ಟಾ: ಮೊದಲ ಕೂಡಿಕೆಯ ನಿಜವಾದ ಕ್ಯಾರಿಯನ್ನು ಪಕ್ಕಕ್ಕೆ ಕೊಡಲಿಲ್ಲ.

ಎಡತುದಿಯ ಕ್ಯಾರಿಯದ್ದೂ ಒಂದು ಮಾತಿದೆ. 76 + 58 ಅಂದರೆ 134. ಹತ್ತರ ಸ್ಥಾನದಿಂದ ಹೊರಬಂದ ಕ್ಯಾರಿಯನ್ನು 0001 ಅಂತ ಬರೆದರೆ ಅದು ಅರ್ಥವಿಲ್ಲದ ಗುಂಪು. ನೂರರ ಸ್ಥಾನದಲ್ಲಿ ಎರಡೂ ಸಂಖ್ಯೆಗೆ ಸೊನ್ನೆ ಇದೆ ಅಂತ ಇಟ್ಟುಕೊಳ್ಳಿ: 0011 + 0011 + 1 ಸೇರಿ 0111. ಕ್ಯಾರಿ ಇಲ್ಲ, ಮೂರು ಕಳೆದರೆ 0100. ಪೂರ್ತಿ ಉತ್ತರ 0100 0110 0111.

ಎರಡೂ ಒಟ್ಟಿಗೆ ಬಂದಾಗ

ಎಕ್ಸೆಸ್-ತ್ರೀಯ ಬಿಟ್‌ಗಳನ್ನು ತಿರುಗಿಸಿದರೆ ಆ ಅಂಕಿಯ ನೈನ್ಸ್ ಕಾಂಪ್ಲಿಮೆಂಟ್ ಸಿಗುತ್ತದೆ. 2 ಅಂದರೆ 0101, ತಿರುಗಿಸಿದರೆ 1010, ಅದು 7. ಹಾಗಾಗಿ ಕಳೆಯುವ ಲೆಕ್ಕದಲ್ಲಿ ಎಂಡ್-ಅರೌಂಡ್ ಕ್ಯಾರಿ ಇಲ್ಲಿಗೂ ಬರುತ್ತದೆ. ಅಂಕ ಜಾಸ್ತಿ ಇರುವ ಪ್ರಶ್ನೆ ಇದೇ, ಕೆಡುವುದೂ ಇಲ್ಲೇ. 52 − 32 ಮಾಡಿ ನೋಡೋಣ. 32 ಅಂದರೆ 0110 0101, ತಿರುಗಿಸಿದರೆ 1001 1010.

```
    1000  0101     52
  + 1001  1010     67
  ------------
  1 0001  1111     ಹತ್ತರಿಂದ ಕ್ಯಾರಿ ಹೊರಬಂತು
  +          1     ಮೊದಲು ಇದನ್ನು ಕೂಡು
  ------------
    0010  0000     ಬಿಡಿ ಸ್ಥಾನವೂ ಈಗ ಕ್ಯಾರಿ ಕೊಟ್ಟಿತು
  + 0011 +0011     ಎರಡೂ ಗುಂಪು ಕ್ಯಾರಿ ಕೊಟ್ಟಿವೆ
  ------------
    0101  0011     20
```

ಸುತ್ತಿ ಬಂದ ಕ್ಯಾರಿ ಸೇರುವವರೆಗೂ ತಿದ್ದುಪಡಿಗೆ ಕೈ ಹಾಕಬಾರದು. ಮೊದಲೇ ತಿದ್ದಿದ್ದರೆ ಬಿಡಿ ಸ್ಥಾನದಲ್ಲಿ ಕ್ಯಾರಿ ಇಲ್ಲ ಅಂತ ಮೂರು ಕಳೆದು 1100 ಮಾಡುತ್ತಿದ್ದಿರಿ. ಆಮೇಲೆ ಒಂದು ಸೇರಿಸಿದರೆ 1101, ಅರ್ಥವಿಲ್ಲದ ಗುಂಪು. ಬಿಡಿ ಸ್ಥಾನದಲ್ಲಿ 9 ಬಾರದ ಲೆಕ್ಕಗಳಲ್ಲಿ ಯಾವ ಕ್ರಮದಲ್ಲಿ ಮಾಡಿದರೂ ಉತ್ತರ ಸರಿ ಬರುತ್ತದೆ. ಅದಕ್ಕೇ ಮನೆಯಲ್ಲಿ ಮಾಡಿದ ಹತ್ತು ಲೆಕ್ಕ ಸರಿ ಇದ್ದು ಪರೀಕ್ಷೆಯಲ್ಲಿ ಕೊಟ್ಟ ಒಂದು ಕೈಕೊಡುತ್ತದೆ.

ಇನ್ನೊಂದು ಗಮನಿಸಿ. ಹತ್ತರ ಗುಂಪು ಮೊದಲ ಸಾಲಿನಲ್ಲೇ ಕ್ಯಾರಿ ಕೊಟ್ಟಿತ್ತು, ಎರಡನೇ ಸಾಲಿನಲ್ಲಿ ಕೊಟ್ಟಿಲ್ಲ. ಎರಡರಲ್ಲಿ ಎಲ್ಲಿ ಕೊಟ್ಟಿದ್ದರೂ ಅದು ಕ್ಯಾರಿ ಕೊಟ್ಟ ಗುಂಪೇ. ಕ್ಯಾರಿ ಬಂದ ಗುಂಪಿನ ತಲೆಯ ಮೇಲೆ ಒಂದು ಚುಕ್ಕಿ ಇಡುತ್ತಾ ಹೋದರೆ ಗೊಂದಲ ಇರುವುದಿಲ್ಲ.

ಅದೇ ಸಂಖ್ಯೆಗಳನ್ನು ಅದಲು ಬದಲು ಮಾಡಿ 32 − 52 ಮಾಡಿದರೆ 0110 0101ಕ್ಕೆ 0111 1010 ಕೂಡಬೇಕು. ಬರುವುದು 1101 1111, ಎಲ್ಲೂ ಕ್ಯಾರಿ ಇಲ್ಲ. ಎರಡರಲ್ಲೂ ಮೂರು ಕಳೆದರೆ 1010 1100, ಅದು 79. ಎಡತುದಿಯಿಂದ ಕ್ಯಾರಿ ಬಾರದ್ದರಿಂದ ಉತ್ತರ ಮೈನಸ್, ತಿರುಗಿಸಿ ಓದಬೇಕು: 0101 0011, ಅಂದರೆ −20. ಇಲ್ಲಿ ಮಾತ್ರ ತಿದ್ದುಪಡಿ ಮೊದಲು, ತಿರುಗಿಸುವುದು ಆಮೇಲೆ. 1101 1111 ಅನ್ನೇ ತಿರುಗಿಸಿದರೆ 0010 0000 ಬರುತ್ತದೆ, ಎರಡೂ ಅರ್ಥವಿಲ್ಲದ ಗುಂಪು. 52 − 52 ಮಾಡಿದಾಗ 1100 1100, ಅಂದರೆ 99 ಬಂದರೆ ಅದೂ ತಪ್ಪಲ್ಲ. 11111ರ ಹಾಗೆ ಅದೂ ಮೈನಸ್ ಸೊನ್ನೆ, ತಿರುಗಿಸಿದರೆ 0011 0011.